ಗರ್ಭಿಣಿಯ ತಪಾಸಣೆ ಚೀಟಿಗಳನ್ನು ಒಂದೇ ಕಾರ್ಡಿಗೆ ಇಳಿಸುವುದು ಹೇಗೆ?

ತಾಯಿ ಕಾರ್ಡ್ ಕೊಟ್ಟಿದ್ದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಸ್ಕ್ಯಾನಿಂಗ್ ಮಾಡಿದ್ದು ಪಟ್ಟಣದ ಖಾಸಗಿ ಕೇಂದ್ರ, ರಕ್ತಪರೀಕ್ಷೆಯ ಚೀಟಿ ಇನ್ನೊಂದು ಲ್ಯಾಬಿನದು, ಮೊದಲ ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ ಮಾತ್ರ ತವರುಮನೆಯ ಬೀರುವಿನಲ್ಲಿ. ಎರಡನೇ ಸಲ ಗರ್ಭಿಣಿಯಾದವರ ಕಾಗದಪತ್ರಗಳು ಸಾಮಾನ್ಯವಾಗಿ ಹೀಗೆಯೇ ಹಂಚಿಹೋಗಿರುತ್ತವೆ. ಇವನ್ನು ಅರ್ಧ ಹಾಳೆಯ ಒಂದು ಕಾರ್ಡಿಗೆ ಇಳಿಸುವ ಕ್ರಮವನ್ನು ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ನೋಡೋಣ.

ಮೊದಲ ಕೆಲಸ, ಹೆರಿಗೆಯ ನಿರೀಕ್ಷಿತ ದಿನಾಂಕ ಒಂದೇ ಆಗಿರುವಂತೆ ನೋಡಿಕೊಳ್ಳುವುದು. ನಮ್ಮ ಉದಾಹರಣೆಯ ಗರ್ಭಿಣಿಯ ಕೊನೆಯ ಮುಟ್ಟಿನ ಮೊದಲ ದಿನ 2025ರ ಜನವರಿ 10. ಅದಕ್ಕೆ 280 ದಿನ ಸೇರಿಸಿದರೆ ಅಕ್ಟೋಬರ್ 17 ಬರುತ್ತದೆ. ಆದರೆ ಮಾರ್ಚ್ 28ರಂದು ಮುಟ್ಟಿನ ಲೆಕ್ಕದಲ್ಲಿ 11 ವಾರ ತುಂಬಿದ್ದಾಗ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಅಳತೆ 9 ವಾರ 6 ದಿನಕ್ಕೆ ಹೊಂದಿತ್ತು. 9ರಿಂದ 14 ವಾರದೊಳಗಿನ ಸ್ಕ್ಯಾನಿಂಗ್ ಏಳು ದಿನಕ್ಕಿಂತ ಹೆಚ್ಚು ವ್ಯತ್ಯಾಸ ತೋರಿಸಿದರೆ ವೈದ್ಯರು ಸಾಮಾನ್ಯವಾಗಿ ಸ್ಕ್ಯಾನಿಂಗ್‌ನ ದಿನಾಂಕವನ್ನೇ ಹಿಡಿಯುತ್ತಾರೆ. ಇಲ್ಲಿ ವ್ಯತ್ಯಾಸ ಎಂಟು ದಿನ. ಆದ್ದರಿಂದ ವೈದ್ಯರಿಂದ ಖಚಿತಪಡಿಸಿಕೊಂಡು ಕಾರ್ಡಿನ ನೆತ್ತಿಯಲ್ಲಿ ‘ಅಕ್ಟೋಬರ್ 25, ಮಾರ್ಚ್ 28ರ ಸ್ಕ್ಯಾನಿಂಗ್ ಪ್ರಕಾರ’ ಎಂದು ಬರೆಯಬೇಕು. ಮುಂದಿನ ಸ್ಕ್ಯಾನಿಂಗ್ ವರದಿಗಳಲ್ಲಿಯೂ ಹೆರಿಗೆ ದಿನಾಂಕ ಅಚ್ಚಾಗಿರುತ್ತದೆ ಮತ್ತು ಅದು ಪ್ರತಿ ಸಲ ಸ್ವಲ್ಪ ಬೇರೆಯಿರುತ್ತದೆ. ಅದನ್ನು ನೋಡಿ ಕಾರ್ಡಿನ ದಿನಾಂಕವನ್ನು ಎಂದಿಗೂ ತಿದ್ದಬಾರದು. ಎಂಟನೇ ತಿಂಗಳಲ್ಲಿ ಮಗು ಚಿಕ್ಕದಾಗಿ ಕಂಡರೆ ಅದು ಬೆಳವಣಿಗೆ ಕುಂಠಿತವಾಗಿರುವ ಸೂಚನೆಯಾಗಿರಬಹುದು. ದಿನಾಂಕವನ್ನು ಮುಂದೆ ಹಾಕಿಬಿಟ್ಟರೆ ಆ ಸೂಚನೆಯೇ ಮರೆಯಾಗುತ್ತದೆ.

ದಿನಾಂಕ ನಿಂತ ಮೇಲೆ ಅಪಾಯದ ಅಂಶಗಳನ್ನು ಹುಡುಕಬೇಕು. ಪ್ರತಿಯೊಂದು ಕಾಗದವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು, ಹಳೆಯ ಡಿಸ್ಚಾರ್ಜ್ ಸಮ್ಮರಿಯಿಂದಲೇ ಓದಲು ತೊಡಗುವುದು ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ಆ ಸಮ್ಮರಿ ‘ಸಿಸೇರಿಯನ್’ ಎನ್ನುತ್ತದೆ, ಲ್ಯಾಬಿನ ಚೀಟಿ ‘ಓ ನೆಗೆಟಿವ್’ ಎನ್ನುತ್ತದೆ, ಐದನೇ ತಿಂಗಳ ಸ್ಕ್ಯಾನಿಂಗ್ ವರದಿಯ ಕೊನೆಯಲ್ಲಿ ‘ಮಾಸು ಗರ್ಭಕೋಶದ ಮುಂಭಾಗದಲ್ಲಿ, ಕೆಳಗಿದೆ’ ಎಂಬ ಸಾಲಿದೆ. ಬಿಡಿಯಾಗಿ ಓದಿದರೆ ಕೊನೆಯದು ದೊಡ್ಡ ವಿಷಯವೆನಿಸದು, ಏಕೆಂದರೆ ಆ ಹಂತದಲ್ಲಿ ಕೆಳಗಿರುವ ಮಾಸು ಬಹುತೇಕ ಗರ್ಭಿಣಿಯರಲ್ಲಿ ಮುಂದೆ ಮೇಲಕ್ಕೆ ಸರಿಯುತ್ತದೆ. ಆದರೆ ಹಿಂದೆ ಸಿಸೇರಿಯನ್ ಆದವರಲ್ಲಿ ಅದು ಸರಿಯದೆ ಹಳೆಯ ಗಾಯದ ಮೇಲೆಯೇ ಉಳಿದು, ಗರ್ಭಕೋಶದ ಗೋಡೆಗೆ ಬಲವಾಗಿ ಅಂಟಿಕೊಂಡಿದ್ದರೆ, ಹೆರಿಗೆಯಲ್ಲಿ ಭಾರೀ ರಕ್ತಸ್ರಾವವಾಗಬಹುದು. ಅದರ ಮೇಲೆ ಓ ನೆಗೆಟಿವ್ ರಕ್ತ ಸುಲಭವಾಗಿ ಸಿಗುವುದಿಲ್ಲ. ಮೂರು ಕಡೆಯ ಮೂರು ಸಾಲುಗಳು ಒಂದೇ ಕಾರ್ಡಿನಲ್ಲಿ ಒಂದರ ಕೆಳಗೊಂದು ಬಂದಾಗ ಮಾತ್ರ ಈ ನಂಟು ಕಾಣುತ್ತದೆ. ಕಾರ್ಡು ಮಾಡುವ ಶ್ರಮವೆಲ್ಲ ಇದಕ್ಕಾಗಿ ಎಂದೇ ನನ್ನ ಭಾವನೆ.

ಅಪಾಯದ ಅಂಶದ ಎದುರಿಗೆ ‘ಆದ್ದರಿಂದ ಏನು’ ಎಂಬ ಇನ್ನೊಂದು ಅಂಕಣವಿರಲಿ. ‘ಮಾಸು ಕೆಳಗೆ, ಹಿಂದೆ ಸಿಸೇರಿಯನ್’ ಎಂಬುದರ ಎದುರು ‘32 ವಾರಕ್ಕೆ, ಅಂದರೆ ಆಗಸ್ಟ್ 30ರ ಸುಮಾರಿಗೆ ಮರುಸ್ಕ್ಯಾನಿಂಗ್, ರಕ್ತನಿಧಿ ಇರುವ ಆಸ್ಪತ್ರೆಯಲ್ಲಿ ಹೆರಿಗೆ’ ಎಂದು, ‘ಓ ನೆಗೆಟಿವ್’ ಎಂಬುದರ ಎದುರು ‘ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ, ಅದು ನೆಗೆಟಿವ್ ಬಂದರೆ 28 ವಾರಕ್ಕೆ, ಆಗಸ್ಟ್ 2ರ ಸುಮಾರಿಗೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳುವುದು’ ಎಂದು ಬರೆಯಬೇಕು. ನೆಗೆಟಿವ್ ರಕ್ತದ ತಾಯಿಯ ದೇಹ ಪಾಸಿಟಿವ್ ರಕ್ತದ ಮಗುವಿನ ರಕ್ತಕಣಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿದೆಯೇ ಎಂಬುದನ್ನು ಕೂಂಬ್ಸ್ ಪರೀಕ್ಷೆ ತೋರಿಸುತ್ತದೆ, ಅದು ಬೆಳೆಯದಂತೆ ತಡೆಯಲು ಕೊಡುವುದು ಆಂಟಿ-ಡಿ. ಮೊದಲ ಹೆರಿಗೆಯ ನಂತರ ಆಂಟಿ-ಡಿ ಕೊಟ್ಟಿದ್ದರೇ ಎಂಬುದು ಸಮ್ಮರಿಯಲ್ಲಿ ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡದೆ ‘ದಾಖಲೆ ಇಲ್ಲ’ ಎಂದು ನಮೂದಿಸಬೇಕು. ಖಾಲಿ ಜಾಗವನ್ನು ಕಂಡವರು ತೊಂದರೆಯೇನೂ ಇಲ್ಲವೆಂದು ತಿಳಿಯುತ್ತಾರೆ.

ಪರೀಕ್ಷೆಗಳ ಪಟ್ಟಿಯಲ್ಲಿಯೂ ಇದೇ ಎಚ್ಚರ ಬೇಕು. ಸರಿ ಗುರುತು ಹಾಕಿದರೆ ಪರೀಕ್ಷೆ ಬರೆದುಕೊಟ್ಟರೋ, ರಕ್ತ ತೆಗೆದುಕೊಂಡರೋ, ಫಲಿತಾಂಶ ಬಂತೋ ಎಂಬುದು ತಿಳಿಯುವುದಿಲ್ಲ. ಹೀಗಾಗಿ ಮಾಡಿಸಬೇಕಾದ ಅವಧಿ, ಮಾಡಿಸಿದ ದಿನ, ಫಲಿತಾಂಶದ ಅಂಕಿ ಎಂದು ಮೂರು ಅಂಕಣ ಮಾಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ಸಕ್ಕರೆ ಪರೀಕ್ಷೆ ಮೊದಲ ಭೇಟಿಯಲ್ಲಿ ಸರಿಯಿದ್ದರೂ 24ರಿಂದ 28 ವಾರದ ನಡುವೆ ಮತ್ತೆ ಆಗಬೇಕು. ನಮ್ಮ ಲೆಕ್ಕದಲ್ಲಿ ಅದು ಜುಲೈ 5ರಿಂದ ಆಗಸ್ಟ್ 2. ಆಗ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸುತ್ತಾರೆ. ಹಿಮೋಗ್ಲೋಬಿನ್ ಮತ್ತು ಬಿ.ಪಿ.ಗಳನ್ನು ಮಾತ್ರ ಪ್ರತಿ ಭೇಟಿಗೂ ಒಂದೇ ಸಾಲಿನಲ್ಲಿ ಬರೆಯುತ್ತ ಹೋಗಬೇಕು. ಹಿಮೋಗ್ಲೋಬಿನ್ 10.8 ಇದ್ದದ್ದು ಕಬ್ಬಿಣಾಂಶದ ಮಾತ್ರೆ ಆರಂಭಿಸಿದ ಮೇಲೂ 9.6ಕ್ಕೆ ಇಳಿದಿದ್ದರೆ, ಮಾತ್ರೆ ನುಂಗುತ್ತಿದ್ದಾರೆಯೇ, ನುಂಗಿಯೂ ಏರುತ್ತಿಲ್ಲವೇ ಎಂದು ವೈದ್ಯರು ಕೇಳಲು ಆ ಸಾಲೇ ದಾರಿ ಮಾಡಿಕೊಡುತ್ತದೆ.

ಕಾರ್ಡು ಮೂಲ ದಾಖಲೆಗಳಿಗೆ ಬದಲಿಯಲ್ಲ. ಹೆರಿಗೆಗೆಂದು ತವರಿಗೆ ಹೊರಡುವಾಗ ತಾಯಿ ಕಾರ್ಡನ್ನೂ ಎಲ್ಲ ವರದಿಗಳನ್ನೂ ಇದರ ಹಿಂದೆ ಒಂದೇ ಕವರಿನಲ್ಲಿಟ್ಟು, ಅಲ್ಲಿಯ ವೈದ್ಯರ ಮೊದಲ ಭೇಟಿಯಲ್ಲೇ 32 ವಾರದ ಸ್ಕ್ಯಾನಿಂಗ್ ಎಲ್ಲಿ ಆಗುತ್ತದೆ ಎಂಬುದನ್ನು ಕೇಳಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು.