ಲ್ಯಾಬ್ ಟೆಕ್ನಿಷಿಯನ್ ರೆಸ್ಯೂಮ್‌ನಲ್ಲಿ ಏನಿರಬೇಕು: ನನ್ನ ಅನುಭವ

ದಾವಣಗೆರೆಯ ಒಂದು ಖಾಸಗಿ ಲ್ಯಾಬ್‌ನಲ್ಲಿ ಬಯೋಕೆಮಿಸ್ಟ್ರಿ ನೋಡಿಕೊಳ್ಳುತ್ತಿದ್ದೆ. ಅಲ್ಲಿಂದ ಬೆಂಗಳೂರಿನ ಎನ್ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ಗೆ ಹೋಗಬೇಕು ಅಂತ ರೆಸ್ಯೂಮ್ ಹೊಸದಾಗಿ ಬರೆಯೋಕೆ ಕೂತೆ. ಮೊದಲು ಮಾಡಿದ ಕೆಲಸ ಅಂದರೆ ಟೀಮ್ ಪ್ಲೇಯರ್, ಹಾರ್ಡ್ ವರ್ಕಿಂಗ್, ಗುಡ್ ಕಮ್ಯುನಿಕೇಶನ್ ಸ್ಕಿಲ್ಸ್ ಅನ್ನೋ ಸಾಲುಗಳನ್ನೆಲ್ಲ ತೆಗೆದುಹಾಕಿದ್ದು. ನಮ್ಮ ಬ್ಯಾಚಿನ ಎಲ್ಲರ ರೆಸ್ಯೂಮ್‌ನಲ್ಲೂ ಇವೇ ಸಾಲು ಇದ್ದವು. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಲ್ಯಾಬ್‌ನ ಕ್ವಾಲಿಟಿ ಮ್ಯಾನೇಜರ್‌ಗೆ ಬೇಕಿರುವುದು ಬೇರೆ: ಈ ಹುಡುಗಿಯನ್ನು ನೈಟ್ ಶಿಫ್ಟ್‌ನಲ್ಲಿ ಒಬ್ಬಳನ್ನೇ ಮೆಷಿನ್ ಮುಂದೆ ಬಿಟ್ಟರೆ ಬೆಳಿಗ್ಗೆ ಹೊರಗೆ ಹೋಗುವ ರಿಪೋರ್ಟ್ ಸರಿ ಇರುತ್ತಾ?

ಆ ಪ್ರಶ್ನೆಗೆ ಉತ್ತರ ಕೊಡದ ಸಾಲು ರೆಸ್ಯೂಮ್‌ನಲ್ಲಿ ಬೇಡ ಅಂತ ಒಂದು ನಿಯಮ ಹಾಕಿಕೊಂಡೆ. ಪ್ರತಿ ಸಾಲಿನಲ್ಲೂ ಮೂರು ವಿಷಯ ಇರಬೇಕು. ಯಾವ ಮೆಷಿನ್, ಅದರಲ್ಲಿ ನಾನು ಮಾಡಿದ್ದೇನು, ಅದು ಸರಿಯಾಗಿತ್ತು ಅಂತ ಯಾವ ದಾಖಲೆ ಹೇಳುತ್ತದೆ. ರೆಸ್ಯೂಮ್ ಇಂಗ್ಲಿಷ್‌ನಲ್ಲೇ ಕಳಿಸಿದ್ದು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮೆಷಿನ್ ವಿಷಯ ಮೊದಲು. "ಫುಲ್ಲಿ ಆಟೋಮೇಟೆಡ್ ಅನಲೈಜರ್ ಗೊತ್ತು" ಅಂತ ಬರೆದರೆ ಏನೂ ಬರೆದ ಹಾಗಲ್ಲ. ಕಂಪನಿ ಮತ್ತು ಮಾಡೆಲ್ ಪೂರ್ತಿ ಬರೆದೆ: ಬೆಕ್‌ಮನ್ ಕೌಲ್ಟರ್ ಎಯು480, ಸಿಸ್‌ಮೆಕ್ಸ್ ಎಕ್ಸ್‌ಎನ್-1000. ಕೆಲಸಕ್ಕೆ ತೆಗೆದುಕೊಳ್ಳುವವರ ಹತ್ತಿರ ಅದೇ ಮೆಷಿನ್ ಇದ್ದರೆ ತರಬೇತಿಯ ಸಮಯ ಉಳಿಯುತ್ತದೆ, ಬೇರೆ ಮಾಡೆಲ್ ಇದ್ದರೂ ಯಾವ ಮಟ್ಟದ ಮೆಷಿನ್ ಮೇಲೆ ಕೈ ಪಳಗಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಆಮೇಲೆ, ಮೆಷಿನ್ ಹೆಸರಿನ ಮುಂದೆ ನಾನು ಎಲ್ಲಿಯವರೆಗೆ ಮಾಡಿದ್ದೇನೆ ಅನ್ನೋದನ್ನೂ ಬರೆದೆ. ಸ್ಯಾಂಪಲ್ ಹಾಕಿ ರನ್ ಮಾಡುವುದು ಒಂದು ಹಂತ. ದಿನದ ಮೇಂಟೆನೆನ್ಸ್ ಇನ್ನೊಂದು. ಕ್ಯಾಲಿಬ್ರೇಷನ್ ಮಾಡಿ ಅದು ಪಾಸ್ ಆಯಿತಾ ಅಂತ ನೋಡುವುದು ಮತ್ತೊಂದು. ಹೊಸ ಲಾಟ್ ರೀಏಜೆಂಟ್ ಬಂದಾಗ ಹಳೆ ಲಾಟ್ ಜೊತೆ ಹೋಲಿಸಿ ನೋಡುವುದು ಅದಕ್ಕಿಂತ ಮೇಲಿನದು. ನನ್ನ ಸಾಲು ಹೀಗಿತ್ತು: "ಎಯು480: ಪ್ರತಿದಿನ ಐಎಸ್ಇ ಕ್ಲೀನಿಂಗ್ ಮತ್ತು ಕ್ಯಾಲಿಬ್ರೇಷನ್, ವಾರಕ್ಕೊಮ್ಮೆ ಡಬ್ಲ್ಯೂ1 ವಾಶ್ ಮತ್ತು ಫೋಟೋಕ್ಯಾಲ್, ಮೇಂಟೆನೆನ್ಸ್ ಲಾಗ್‌ನಲ್ಲಿ ದಾಖಲೆ ಸಹಿತ." ಆ ಮೆಷಿನ್ ಮೇಲೆ ಕೆಲಸ ಮಾಡದವರು ಈ ಸಾಲು ಬರೆಯೋಕಾಗಲ್ಲ. ಮಾಡಿದವರಿಗೆ ಓದಿದ ತಕ್ಷಣ ಗೊತ್ತಾಗುತ್ತದೆ.

ಹೆಮಟಾಲಜಿ ಮೆಷಿನ್ ನಾನು ರನ್ ಮಾಡಿದ್ದು ಮಾತ್ರ. ಕ್ಯಾಲಿಬ್ರೇಷನ್ ಕಂಪನಿ ಎಂಜಿನಿಯರ್ ಬಂದು ಮಾಡುತ್ತಿದ್ದರು. ಅದಕ್ಕೇ "ಸ್ಯಾಂಪಲ್ ರನ್, ದಿನದ ಕಂಟ್ರೋಲ್, ಫ್ಲ್ಯಾಗ್ ಬಂದ ಸ್ಯಾಂಪಲ್‌ಗೆ ಸ್ಮಿಯರ್ ಮಾಡುವುದು" ಅಂತಷ್ಟೇ ಬರೆದೆ. ಜಾಸ್ತಿ ಬರೆದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಇನ್ನು ನಿಖರತೆ. "ಅಕ್ಯುರೇಟ್" ಅನ್ನೋ ಪದವನ್ನು ನಾನು ಎಲ್ಲೂ ಬಳಸಲಿಲ್ಲ, ಅದರ ಬದಲು ಕಂಟ್ರೋಲ್ ಅಂಕಿಗಳನ್ನು ಇಟ್ಟೆ. ಬೆಳಿಗ್ಗೆ ರೋಗಿಗಳ ಸ್ಯಾಂಪಲ್ ಹಾಕುವ ಮೊದಲು ಎರಡು ಲೆವೆಲ್ ಕಂಟ್ರೋಲ್ ಓಡಿಸುತ್ತೇವೆ ಅಲ್ವಾ, ಅದರ ತಿಂಗಳ ಲೆಕ್ಕ ಎಲ್ಲ ಲ್ಯಾಬ್‌ನಲ್ಲೂ ಇರುತ್ತದೆ. ಆ ತಿಂಗಳು ಗ್ಲೂಕೋಸ್ ಲೆವೆಲ್ ಒಂದರ ಸರಾಸರಿ 92, ಎಸ್‌ಡಿ 1.84 ಅಂತ ಇಟ್ಟುಕೊಳ್ಳಿ. ಎಸ್‌ಡಿಯನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿವಿ ಶೇಕಡ 2. ಅಂದರೆ ಅದೇ ಕಂಟ್ರೋಲನ್ನು ತಿಂಗಳಿಡೀ ಓಡಿಸಿದರೂ ಉತ್ತರ ಹೆಚ್ಚು ಅಲುಗಾಡಿಲ್ಲ. ಆದರೆ ಸಿವಿ ಹೇಳುವುದು ಇಷ್ಟೇ. ಪ್ರತಿದಿನ ಒಂದೇ ತಪ್ಪು ಉತ್ತರ ಬಂದರೂ ಸಿವಿ ಚೆನ್ನಾಗೇ ಇರುತ್ತದೆ. ಉತ್ತರ ನಿಜಕ್ಕೂ ಸರಿಯಾ ಅಂತ ನೋಡೋಕೆ ಹೊರಗಿನ ಪರೀಕ್ಷೆ ಬೇಕು, ಅದು ಇಕ್ಯುಎಎಸ್. ನಾವು ವೆಲ್ಲೂರಿನ ಸಿಎಂಸಿ ನಡೆಸುವ ಕಾರ್ಯಕ್ರಮದಲ್ಲಿ ಇದ್ದೆವು. ಅವರು ಕಳಿಸಿದ ಸ್ಯಾಂಪಲ್ ಓಡಿಸಿ ಉತ್ತರ ಕಳಿಸಬೇಕು, ಉಳಿದ ಲ್ಯಾಬ್‌ಗಳ ಸರಾಸರಿಯಿಂದ ನಮ್ಮದು ಎಷ್ಟು ದೂರ ಇದೆ ಅಂತ ಎಸ್‌ಡಿಐ ಲೆಕ್ಕದಲ್ಲಿ ಹೇಳುತ್ತಾರೆ. ರೆಸ್ಯೂಮ್‌ನಲ್ಲಿ ಎರಡನ್ನೂ ಒಂದೇ ಸಾಲಿಗೆ ತಂದೆ: "ಗ್ಲೂಕೋಸ್, ಯೂರಿಯಾ, ಕ್ರಿಯಾಟಿನಿನ್, ಎಲೆಕ್ಟ್ರೊಲೈಟ್‌ಗಳ ದಿನದ ಕಂಟ್ರೋಲ್, ಎಲ್‌ಜೆ ಚಾರ್ಟ್ ಮತ್ತು ತಿಂಗಳ ಸಿವಿ ಲೆಕ್ಕ, ಇಕ್ಯುಎಎಸ್ ಸ್ಯಾಂಪಲ್ ಸಿದ್ಧಪಡಿಸಿ ಓಡಿಸುವ ಜವಾಬ್ದಾರಿ." ಸಿವಿ ಅಂಕಿ ಹಾಕುವಾಗ ಅದು ಲ್ಯಾಬ್‌ನ ಅಂಕಿ, ಅದರಲ್ಲಿ ನನ್ನ ಪಾಲು ಇಷ್ಟು ಅಂತ ಸ್ಪಷ್ಟ ಮಾಡಿದೆ. ಮೂರು ಶಿಫ್ಟ್‌ನವರು ಸೇರಿ ಓಡಿಸಿದ ಕಂಟ್ರೋಲನ್ನು ನನ್ನೊಬ್ಬಳದು ಅಂತ ಹೇಳೋದು ಸರಿಯಲ್ಲ.

ಇಡೀ ರೆಸ್ಯೂಮ್‌ನಲ್ಲಿ ಅತಿ ಹೆಚ್ಚು ಮಾತಿಗೆ ಬಂದ ಸಾಲು ಬೇರೆ. ಅದು ಹೊಳೆದಿದ್ದು ಒಂದು ಪೊಟ್ಯಾಸಿಯಂ ರಿಪೋರ್ಟ್‌ನಿಂದ. ಒಂದು ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ 8.9 ಬಂತು. ಕಂಟ್ರೋಲ್ ಸರಿ ಇತ್ತು, ಸೀರಮ್ ನೋಡಿದರೆ ಕೆಂಪಿಲ್ಲ, ಅಂದರೆ ಹಿಮೋಲೈಸ್ ಆಗಿಲ್ಲ. ಅಷ್ಟು ಪೊಟ್ಯಾಸಿಯಂ ಇದ್ದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು, ಆದರೆ ರೋಗಿ ಹೊರಗೆ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದರು. ಅದೇ ಸ್ಯಾಂಪಲ್‌ನ ಕ್ಯಾಲ್ಸಿಯಂ ನೋಡಿದೆ, 5.2. ಎಎಲ್‌ಪಿ ಕೂಡ ತೀರಾ ಕಡಿಮೆ. ಪೊಟ್ಯಾಸಿಯಂ ಮೇಲಕ್ಕೆ, ಕ್ಯಾಲ್ಸಿಯಂ ಮತ್ತು ಎಎಲ್‌ಪಿ ಕೆಳಕ್ಕೆ ಒಟ್ಟಿಗೆ ಹೋದರೆ ಮೊದಲು ಅನುಮಾನ ಪಡಬೇಕಾದ್ದು ಇಡಿಟಿಎ ಮೇಲೆ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಇರುವುದು ಪೊಟ್ಯಾಸಿಯಂ ಇಡಿಟಿಎ. ಅದು ತನ್ನ ಪೊಟ್ಯಾಸಿಯಂ ಸೇರಿಸುತ್ತದೆ, ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಎಎಲ್‌ಪಿಗೆ ಬೇಕಾದ ಜಿಂಕ್ ಮತ್ತು ಮೆಗ್ನೀಸಿಯಂ ಅನ್ನೂ ಬಿಡುವುದಿಲ್ಲ. ರಕ್ತ ತೆಗೆದವರನ್ನು ಕೇಳಿದರೆ, ಕೆಂಪು ಟ್ಯೂಬ್‌ಗೆ ರಕ್ತ ಸಾಲಲಿಲ್ಲ ಅಂತ ನೇರಳೆ ಟ್ಯೂಬ್‌ನಿಂದ ಸ್ವಲ್ಪ ಸುರಿದಿದ್ದರು. ಮತ್ತೆ ರಕ್ತ ತೆಗೆಸಿ ಓಡಿಸಿದಾಗ 4.3. ಮೊದಲಿನ ರಿಪೋರ್ಟ್ ಹೊರಗೆ ಹೋಗಲಿಲ್ಲ, ಸ್ಯಾಂಪಲ್ ರಿಜೆಕ್ಷನ್ ರಿಜಿಸ್ಟರ್‌ನಲ್ಲಿ ಕಾರಣ ಸಹಿತ ಬರೆದೆವು.

ಇದನ್ನು ರೆಸ್ಯೂಮ್‌ಗೆ ಕಥೆಯಾಗಿ ಹಾಕೋಕಾಗಲ್ಲ, ರೋಗಿಯ ವಿವರ ಹಾಕಲೇಬಾರದು. ಸಾಲು ಮಾಡಿದ್ದು ಹೀಗೆ: "ರಿಪೋರ್ಟ್ ಬಿಡುವ ಮೊದಲು ಇಡಿಟಿಎ ಬೆರಕೆ, ಹಿಮೋಲೈಸಿಸ್, ಕಡಿಮೆ ತುಂಬಿದ ಸಿಟ್ರೇಟ್ ಟ್ಯೂಬ್ ಗುರುತಿಸಿ ಸ್ಯಾಂಪಲ್ ತಿರಸ್ಕರಿಸುವುದು, ಕ್ರಿಟಿಕಲ್ ವ್ಯಾಲ್ಯೂ ಫೋನ್‌ನಲ್ಲಿ ತಿಳಿಸಿ, ಕೇಳಿಸಿಕೊಂಡವರಿಂದ ಮತ್ತೆ ಹೇಳಿಸಿ ದಾಖಲಿಸುವುದು." ಈ ಒಂದು ಸಾಲಿನಿಂದಲೇ ಇಂಟರ್‌ವ್ಯೂನ ಅರ್ಧ ಭಾಗ ನಡೆಯಿತು.

"ಇಡಿಟಿಎ ಬೆರಕೆ ಅಂತ ಹೇಗೆ ಗೊತ್ತಾಗುತ್ತಮ್ಮ?" ಅಂತ ಅಲ್ಲಿನ ಕ್ವಾಲಿಟಿ ಮ್ಯಾನೇಜರ್ ಕೇಳಿದರು. ಮೇಲಿನದನ್ನೇ ಹೇಳಿದೆ. "ಕಂಟ್ರೋಲ್ ಮೂರು ಎಸ್‌ಡಿ ದಾಟಿದರೆ?" ಅಂದರು. "ಮೊದಲು ಆ ಟೆಸ್ಟ್‌ನ ರಿಪೋರ್ಟ್ ತಡೆಯುತ್ತೇನೆ ಸರ್" ಅಂತ ಶುರು ಮಾಡಿದೆ. ಇನ್ನೊಂದು ಲೆವೆಲ್ ಏನಾಗಿದೆ ನೋಡಬೇಕು, ಎರಡೂ ಒಂದೇ ಕಡೆ ಸರಿದಿದ್ದರೆ ಕ್ಯಾಲಿಬ್ರೇಷನ್ ಅಥವಾ ರೀಏಜೆಂಟ್, ಒಂದೇ ಹೊರಗೆ ಹೋಗಿದ್ದರೆ ಆ ವಯಲ್ ಸರಿಯಾಗಿ ಕರಗಿಸಿದ್ದಾರಾ, ಎಷ್ಟು ದಿನದ್ದು ಅಂತ ನೋಡಬೇಕು. ಕಾರಣ ಸರಿಪಡಿಸಿ ಕಂಟ್ರೋಲ್ ಒಳಗೆ ಬಂದ ಮೇಲೆ, ಹಿಂದಿನ ಸರಿ ಕಂಟ್ರೋಲ್ ಆದ ನಂತರ ಓಡಿಸಿದ ಸ್ಯಾಂಪಲ್‌ಗಳನ್ನೂ ಮತ್ತೆ ನೋಡಬೇಕು. ಕಾರಣ ಹುಡುಕದೆ ಸುಮ್ನೆ ಒಳಗೆ ಬರುವವರೆಗೂ ಅದೇ ಕಂಟ್ರೋಲನ್ನು ಮತ್ತೆ ಮತ್ತೆ ಓಡಿಸುವವರು ಬಹಳ ಜನ ಇದ್ದಾರೆ, ಪ್ರಶ್ನೆ ಇದ್ದಿದ್ದೇ ಅದನ್ನು ಪರೀಕ್ಷಿಸೋಕೆ.

ನಿಯಮಪಾಲನೆಯ ಭಾಗದಲ್ಲಿ ಒಂದು ಎಚ್ಚರ ಬೇಕು. "ಎನ್ಎಬಿಎಲ್ ಸರ್ಟಿಫೈಡ್ ಟೆಕ್ನಿಷಿಯನ್" ಅಂತ ಬರೆದಿರುವ ರೆಸ್ಯೂಮ್‌ಗಳನ್ನು ನೋಡಿದ್ದೇನೆ. ಎನ್ಎಬಿಎಲ್ ಮಾನ್ಯತೆ ಕೊಡುವುದು ಲ್ಯಾಬ್‌ಗೆ, ವ್ಯಕ್ತಿಗೆ ಅಲ್ಲ. "ಐಎಸ್ಒ 15189:2022 ಪ್ರಕಾರ ಕೆಲಸ ಮಾಡುವ ಲ್ಯಾಬ್‌ನಲ್ಲಿ ಬಯೋಕೆಮಿಸ್ಟ್ರಿ ದಾಖಲೆಗಳ ಹೊಣೆ" ಅಂತ ಬರೆಯಬಹುದು, ಅದೂ ನಿಜವಾಗಿದ್ದರೆ. ಬಯೋಮೆಡಿಕಲ್ ವೇಸ್ಟ್ ವಿಷಯದಲ್ಲಿ 2016ರ ನಿಯಮದ ಹೆಸರು ಹಾಕಿ, ಸೂಜಿ ಬಿಳಿ ಡಬ್ಬಿಗೆ, ಟ್ಯೂಬಿಂಗ್ ಕೆಂಪು ಚೀಲಕ್ಕೆ ಅನ್ನೋ ವಿಂಗಡಣೆ ಮತ್ತು ಅದರ ದಿನದ ರಿಜಿಸ್ಟರ್ ನಾನು ನೋಡಿಕೊಂಡಿದ್ದೆ ಅಂತ ಬರೆದೆ. ಡಿಪ್ಲೊಮಾ ಮತ್ತು ಪ್ಯಾರಾ ಮೆಡಿಕಲ್ ಬೋರ್ಡ್ ನೋಂದಣಿ ಸಂಖ್ಯೆಯನ್ನು ಹೆಸರಿನ ಕೆಳಗೇ ಇಟ್ಟೆ, ಕೊನೆ ಪುಟಕ್ಕೆ ತಳ್ಳಲಿಲ್ಲ.

ನನ್ನ ತಂಗಿ ಫಾರ್ಮಸಿಸ್ಟ್. ಅವಳದ್ದೂ ಇದೇ ರೀತಿ ಕೂತು ಮಾಡಿದೆವು. ಅವಳಿಗೆ ಮೆಷಿನ್ ಇಲ್ಲ ಅಂತ ಚಿಂತೆ ಇತ್ತು, ಆದರೆ ಹೇಳೋಕೆ ಬೇಕಾದಷ್ಟಿತ್ತು. ಶೆಡ್ಯೂಲ್ ಎಚ್1 ಔಷಧಿಗಳಿಗೆ ಬೇರೆಯೇ ರಿಜಿಸ್ಟರ್ ಇಡಬೇಕು, ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಕೊಟ್ಟ ಪ್ರಮಾಣ ಎಲ್ಲ ಬರೆದು ಮೂರು ವರ್ಷ ಇಟ್ಟಿರಬೇಕು. ಅದನ್ನು ಬರೆಯುತ್ತಿದ್ದವಳು ಅವಳೇ. ಇನ್ಸುಲಿನ್ ಮತ್ತು ಲಸಿಕೆ ಇಡುವ ಫ್ರಿಜ್‌ನ ತಾಪಮಾನ 2ರಿಂದ 8 ಡಿಗ್ರಿ ಒಳಗಿದೆಯಾ ಅಂತ ದಿನಕ್ಕೆ ಎರಡು ಸಲ ನೋಡಿ ಬರೆಯುತ್ತಿದ್ದಳು, ಕರೆಂಟ್ ಹೋದಾಗ ಏನು ಮಾಡಬೇಕು ಅನ್ನೋದೂ ಅವಳಿಗೆ ಗೊತ್ತಿತ್ತು. ಹೆಸರು ಕೇಳೋಕೆ ಒಂದೇ ತರ ಇರುವ ಔಷಧಿಗಳನ್ನು ಬೇರೆ ಬೇರೆ ಕಪಾಟಿಗೆ ಹಾಕಿಸಿದ್ದಳು. ಇವು ಮೂರು ಸಾಲು, ಜೊತೆಗೆ ಫಾರ್ಮಸಿ ಕೌನ್ಸಿಲ್ ನೋಂದಣಿ ಸಂಖ್ಯೆ. ಹಳೆ ರೆಸ್ಯೂಮ್‌ನ ಒಂದು ಪುಟದ ಮಾತಿಗಿಂತ ಇವೇ ಜಾಸ್ತಿ ಹೇಳುತ್ತಿದ್ದವು.

ಈಗಷ್ಟೇ ಕೋರ್ಸ್ ಮುಗಿಸಿದವರು ಪೋಸ್ಟಿಂಗ್‌ನಲ್ಲಿ ನೋಡಿದ್ದನ್ನೂ ಮಾಡಿದ್ದನ್ನೂ ಬೇರೆ ಬೇರೆ ಬರೆಯಿರಿ. "ಎಲೈಜಾ ರೀಡರ್: ಮೇಲ್ವಿಚಾರಣೆಯಲ್ಲಿ ಓಡಿಸಿದ್ದೇನೆ" ಅಂದರೆ ಯಾರೂ ಕಡಿಮೆ ಅಂದುಕೊಳ್ಳುವುದಿಲ್ಲ.

ಕೆಲಸ ಬಿಡುವವರಿಗೆ ಒಂದು ಮಾತು. ಎಲ್‌ಜೆ ಚಾರ್ಟ್, ರಿಜಿಸ್ಟರ್ ಪುಟದ ಫೋಟೋ ತೆಗೆದುಕೊಂಡು ಹೋಗಬೇಡಿ, ಅವು ಲ್ಯಾಬ್‌ನ ದಾಖಲೆ, ಅದರಲ್ಲಿ ರೋಗಿಗಳ ಹೆಸರೂ ಇರಬಹುದು. ಅದರ ಬದಲು ಅನುಭವ ಪತ್ರದಲ್ಲಿ ಮೆಷಿನ್‌ಗಳ ಮಾಡೆಲ್ ಮತ್ತು ನೀವು ನೋಡಿಕೊಂಡ ವಿಭಾಗ ಬರೆದುಕೊಡಿ ಅಂತ ಕೇಳಿ. ಎನ್ಎಬಿಎಲ್ ಲ್ಯಾಬ್ ಆದರೆ ಪ್ರತಿಯೊಬ್ಬ ಟೆಕ್ನಿಷಿಯನ್‌ನ ಸಾಮರ್ಥ್ಯ ಪರೀಕ್ಷಿಸಿ, ಯಾವ ಕೆಲಸಕ್ಕೆ ಅನುಮತಿ ಇದೆ ಅಂತ ಬರೆದಿಟ್ಟಿರುತ್ತಾರೆ. ಆ ಪತ್ರದ ಒಂದು ಪ್ರತಿಯನ್ನು ಮೇಲಿನವರ ಒಪ್ಪಿಗೆ ಪಡೆದು ತೆಗೆದುಕೊಳ್ಳಿ. ನೋಟಿಸ್ ಪೀರಿಯಡ್‌ನ ಮೊದಲ ವಾರದಲ್ಲೇ ಕೇಳಿ, ಕೊನೆ ದಿನ ಅದಕ್ಕೆ ಸಹಿ ಹಾಕುವವರು ಸಿಗುವುದು ಕಷ್ಟ.