ವಿಡಿಯೋ ನಿಲ್ಸಿ ಮುಂದಿನ ಸಾಲು ನಾನೇ ಬರೆದೆ: ಲೀನಿಯರ್ ಆಲ್ಜೀಬ್ರಾ ಕಲಿತ ಅನುಭವ

ಲೀನಿಯರ್ ಆಲ್ಜೀಬ್ರಾ ನಾನು ಕಲಿತಿದ್ದು ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಎಂಐಟಿ 18.06 ಕೋರ್ಸ್‌ನ ಲೆಕ್ಚರ್‌ಗಳಿಂದ. 1999ರಲ್ಲಿ ಕ್ಲಾಸ್ ನಡೀತಿರುವಾಗಲೇ ರೆಕಾರ್ಡ್ ಮಾಡಿದ್ದು, ಯೂಟ್ಯೂಬಲ್ಲಿ ಫ್ರೀ ಇದೆ. ಮೇಷ್ಟ್ರು ಚಾಕ್ ಹಿಡ್ಕೊಂಡು ನಿಧಾನಕ್ಕೆ ಬೋರ್ಡ್ ಮೇಲೆ ಬರೀತಾರೆ, ಮಧ್ಯೆ ಮಧ್ಯೆ ಪ್ರಶ್ನೆ ಕೇಳ್ತಾರೆ, ಸ್ವಲ್ಪ ಹೊತ್ತಿಗೆ ಉತ್ತರನೂ ಅವರೇ ಹೇಳ್ತಾರೆ. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಗ್ಯಾಪ್ ಇರುತ್ತಲ್ಲ, ನಾನು ವಿಡಿಯೋ ನಿಲ್ಸೋದು ಅಲ್ಲೇ.

ಎರಡನೇ ಲೆಕ್ಚರ್ ತಗೊಳ್ಳಿ, ಎಲಿಮಿನೇಷನ್ ಬಗ್ಗೆ, ಅಂದ್ರೆ ಒಂದು ಸಮೀಕರಣದ ಪಟ್ಟನ್ನ ಇನ್ನೊಂದ್ರಿಂದ ಕಳೆದು x, y ಗಳನ್ನ ಒಂದೊಂದಾಗಿ ತೆಗೆಯೋ ವಿಧಾನ. ಅವರು ಬರೆಯೋ ಉದಾಹರಣೆ ಇದು:

```
 x + 2y + z = 2
3x + 8y + z = 12
     4y + z = 2
```

ಬೋರ್ಡ್ ಮೇಲೆ ಲೆಕ್ಕ ಬಂದ ತಕ್ಷಣ ಕೀಬೋರ್ಡಲ್ಲಿ K ಒತ್ತಿ ನಿಲ್ಸಿದೆ. ಮೊದಲ ಸಾಲನ್ನ 3ರಿಂದ ಗುಣಿಸಿ ಎರಡನೇದ್ರಿಂದ ಕಳೀಬೇಕು, ಹಾಗಾದ್ರೆ ಎರಡನೇ ಸಾಲಲ್ಲಿ x, y, z ಜೊತೆಗಿನ ಅಂಕಿಗಳು 0, 2, -2 ಆಗುತ್ತೆ ಅಂತ ಪೇಪರ್ ಮೇಲೆ ಬರೆದು ಆಮೇಲೆ ಪ್ಲೇ ಮಾಡಿದೆ. ಸರಿ ಬಂತು. ಮತ್ತೆ ನಿಲ್ಸಿ ಮೂರನೇ ಸಾಲು ಬರೆದೆ, ಎರಡನೇದ್ರ 2 ಪಟ್ಟು ಕಳೆದ್ರೆ 0, 0, 5. ಪ್ರತಿ ಸಾಲಲ್ಲಿ ಮೊದಲು ಸಿಗೋ 0 ಅಲ್ಲದ ಅಂಕಿ, ಅಂದ್ರೆ ಪಿವಟ್‌ಗಳು, 1, 2, 5. ಬಲಗಡೆಯ 2, 12, 2ನ ಅವರು ಆಮೇಲೆ ತರ್ತಾರೆ, ಅದಕ್ಕೂ ಮುಂಚೆನೇ ಅದೇ ಕಳೆಯೋ ಲೆಕ್ಕ ಅದ್ರ ಮೇಲೂ ಮಾಡಿ 2, 6, -10 ಅಂತ ಬರ್ಕೊಂಡೆ. ಕೆಳಗಿಂದ ಮೇಲೆ ಬಂದ್ರೆ z = -2, y = 1, x = 2.

ಇಷ್ಟಕ್ಕೆ ಊಹೆ ಸುಲಭ, ಅಂಕಿ ಬಿಟ್ರೆ ಬೇರೇನಿಲ್ಲ. ನಿಜವಾಗಿ ಕಲಿಸಿದ್ದು ಮುಂದಿನ ಪ್ರಶ್ನೆ: ಈ ವಿಧಾನ ಯಾವಾಗ ಕೈಕೊಡುತ್ತೆ? ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಸಿದೆ. ಪಿವಟ್ ಜಾಗದಲ್ಲಿ 0 ಬಂದ್ರೆ ಅಂತ ಬರೆದೆ, ಆದ್ರೆ ಅಷ್ಟಕ್ಕೇ ಬಿಡದೆ ಯಾವ ಅಂಕಿ ಬದಲಾದ್ರೆ 0 ಬರುತ್ತೆ ಅಂತಾನೂ ಹುಡುಕಿದೆ. 8ರ ಜಾಗದಲ್ಲಿ 6 ಇದ್ದಿದ್ರೆ ಎರಡನೇ ಪಿವಟ್ ಹೋಗುತ್ತೆ, ಆದ್ರೆ ಕೆಳಗಿನ ಸಾಲಲ್ಲಿ 4 ಇದೆಯಲ್ಲ, ಎರಡು ಸಾಲು ಅದಲುಬದಲು ಮಾಡಿದ್ರೆ ಕೆಲಸ ಮುಂದುವರಿಯುತ್ತೆ. ಮೂರನೇ ಸಾಲಿನ ಕೊನೆಯ 1ರ ಜಾಗದಲ್ಲಿ -4 ಇದ್ರೆ ಮಾತ್ರ 0, 0, 0 ಆಗುತ್ತೆ, ಅದಲುಬದಲು ಮಾಡೋಕೆ ಕೆಳಗೆ ಸಾಲೇ ಇಲ್ಲ. ಮೇಷ್ಟ್ರು ತೋರಿಸಿದ್ದೂ ಇದೇ ಎರಡು. ಎರಡಕ್ಕೂ ಇರೋ ವ್ಯತ್ಯಾಸ ನಾನೇ ಮೊದಲು ಬರೆದಿದ್ರಿಂದ ಅದು ಇವತ್ತಿಗೂ ಮರೆತಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಊಹೆ ಪೇಪರ್ ಮೇಲೇ ಇರ್ಬೇಕು. ಮನಸ್ಸಲ್ಲಿ ಅಂದ್ಕೊಂಡ್ರೆ ಉತ್ತರ ನೋಡಿದ ಮೇಲೆ "ಹೌದು ನಾನೂ ಅದೇ ಅಂದ್ಕೊಂಡಿದ್ದೆ" ಅನ್ಸುತ್ತೆ, ಅಂದ್ಕೊಂಡಿದ್ವೋ ಇಲ್ವೋ ತಿಳ್ಕೊಳ್ಳೋಕೆ ಯಾವ ಗುರುತೂ ಉಳಿಯಲ್ಲ. ಅಂಕಿ ಜೊತೆ ಕಾರಣನೂ ಒಂದು ಸಾಲು ಬರೀರಿ, ಯಾಕಂದ್ರೆ ಅಂಕಿ ಸರಿ ಬಂದು ಕಾರಣ ತಪ್ಪಿರೋದೂ ಇರುತ್ತೆ. ಹಾಗಂತ ಎಲ್ಲಾ ಕಡೆ ನಿಲ್ಸೋದೂ ಬೇಡ. ಹೊಸ ಹೆಸರು, ಹೊಸ ಚಿಹ್ನೆ ಪರಿಚಯ ಮಾಡೋವಾಗ ಊಹಿಸೋಕೆ ಕೈಯಲ್ಲಿ ಏನೂ ಇರಲ್ಲ, ಅಲ್ಲಿ ಸುಮ್ನೆ ಕೇಳ್ಬೇಕು. ನಿಲ್ಸಿದಾಗ ಪೆನ್ ಒಂದೆರಡು ನಿಮಿಷ ಅಲ್ಲಾಡ್ಲೇ ಇಲ್ಲ ಅಂದ್ರೆ ಒಂದೋ ಆ ಜಾಗ ತಪ್ಪು, ಇಲ್ಲಾ ಹಿಂದೆ ಏನೋ ಬಿಟ್ಟಿದೀವಿ. ಆಗ J ಒತ್ತಿ ಹತ್ತತ್ತು ಸೆಕೆಂಡ್ ಹಿಂದೆ ಹೋಗ್ತೀನಿ. ಹೀಗೆ ನೋಡಿದ್ರೆ ಮುಕ್ಕಾಲು ಗಂಟೆ ಲೆಕ್ಚರ್‌ಗೆ ಒಂದೂವರೆ ಗಂಟೆ ಬೇಕೇ ಬೇಕು, ಅದಕ್ಕೇ ದಿನಕ್ಕೆ ಒಂದಕ್ಕಿಂತ ಜಾಸ್ತಿ ನೋಡ್ತಿರಲಿಲ್ಲ.

ಮುಗಿದ ಮೇಲೆ ಟ್ಯಾಬ್ ಮುಚ್ಚಿ, ಊಹೆ ಬರೆದ ಪೇಪರ್ ತಿರುಗಿಸಿಟ್ಟು, ಖಾಲಿ ಹಾಳೆ ಮೇಲೆ ನೆನಪಿಂದ ಸಾರಾಂಶ ಬರೀತೀನಿ. ನೋಡ್ಕೊಂಡು ಬರೆದ್ರೆ ಅದು ಕಾಪಿ ಅಷ್ಟೇ. ಹೆಡ್ಡಿಂಗ್ ಪಟ್ಟಿ ಮಾಡಲ್ಲ, "ಯಾಕೆ" ಅನ್ನೋದಿರೋ ಪೂರ್ತಿ ವಾಕ್ಯನೇ ಬರೀತೀನಿ, ಬರೀತಾ ಬರೀತಾ ಎಲ್ಲಿ ಕೈ ನಿಲ್ಲುತ್ತೋ ಅಲ್ಲಿ ಗುರುತು ಹಾಕಿ ಆಮೇಲೆ ವಿಡಿಯೋದ ಆ ಭಾಗ ಮಾತ್ರ ಮತ್ತೆ ನೋಡ್ತೀನಿ.

ಈ ಲೆಕ್ಚರ್ ಸಾರಾಂಶದಲ್ಲಿ "ಮೂರನೇ ಪಿವಟ್ 0 ಆದ್ರೆ ಉತ್ತರ ಇಲ್ಲ" ಅಂತ ಬರೆಯೋಕೆ ಹೋಗಿ ಕೈ ನಿಂತಿತು. ನಿಜವಾಗ್ಲೂ ಇಲ್ವಾ? -4 ಹಾಕಿ ಲೆಕ್ಕ ಮಾಡಿ ನೋಡಿದೆ: ಮೂರನೇ ಸಾಲಿನ ಬಲಗಡೆ 2 ಇದ್ರೆ 2 - 12, ಅಂದ್ರೆ 0 = -10, ಉತ್ತರ ಇಲ್ಲ. ಆದ್ರೆ ಅಲ್ಲಿ 2ರ ಬದಲು 12 ಇದ್ರೆ 0 = 0, ಆಗ ಉತ್ತರಗಳು ಲೆಕ್ಕವಿಲ್ಲದಷ್ಟು! ಹಾಗಾದ್ರೆ ಬಲಗಡೆ ಏನೇನು ಇದ್ರೆ ಉತ್ತರ ಸಿಗುತ್ತೆ? ಈ ಪ್ರಶ್ನೆನ ಹಾಳೆಯ ಕೊನೆಯಲ್ಲಿ ಬರೆದಿಟ್ಟೆ. ಕೆಲವು ಲೆಕ್ಚರ್ ಆದ್ಮೇಲೆ ಮೇಷ್ಟ್ರು ಕಾಲಮ್ ಸ್ಪೇಸ್, ಅಂದ್ರೆ ಎಡಗಡೆಯ ಕಾಲಮ್‌ಗಳನ್ನ ಬೇಕಾದ ಅಂಕಿಗಳಿಂದ ಗುಣಿಸಿ ಕೂಡಿದ್ರೆ ಸಿಗೋದೆಲ್ಲದರ ಗುಂಪು, ಶುರು ಮಾಡ್ದಾಗ ಅದು ಇದೇ ಪ್ರಶ್ನೆಗೆ ಉತ್ತರ ಅಂತ ಥಟ್ಟನೆ ಗೊತ್ತಾಯ್ತು.