ಉಂಗುರದೊಳಗಿನ ಮೀಸೋ ಸಂಯುಕ್ತ: ಗುರುತಿಸುವುದು ಹೇಗೆ?

ಸೈಕ್ಲೋಹೆಕ್ಸೀನ್‌ಗೆ ತಣ್ಣನೆಯ, ಪ್ರತ್ಯಾಮ್ಲೀಯ ಪೊಟ್ಯಾಶಿಯಂ ಪರ್ಮಾಂಗನೇಟ್ ದ್ರಾವಣ ಹಾಕಿ ಕಲಕಿದರೆ ನೇರಳೆ ಬಣ್ಣ ಮಾಯವಾಗಿ ಕಂದು ಗಸಿ ಕೂರುತ್ತದೆ. ಆಗ ಸಿಗುವುದು ಸೈಕ್ಲೋಹೆಕ್ಸೇನ್-1,2-ಡಯಾಲ್. ಅದರ ಎರಡೂ OH ಗುಂಪುಗಳು ಉಂಗುರದ ಒಂದೇ ಬದಿಯಲ್ಲಿರುತ್ತವೆ, ಅಂದರೆ ಇದು ಸಿಸ್ ರೂಪ. ಇದರಲ್ಲಿ ಎರಡು ಸ್ಟೀರಿಯೋಸೆಂಟರ್‌ಗಳಿವೆ. ಆದರೂ ಪೋಲಾರಿಮೀಟರ್‌ನಲ್ಲಿಟ್ಟು ನೋಡಿದರೆ ಧ್ರುವೀಕೃತ ಬೆಳಕು ಒಂದಿಷ್ಟೂ ತಿರುಗುವುದಿಲ್ಲ. ಹೀಗೆ ಸ್ಟೀರಿಯೋಸೆಂಟರ್‌ಗಳಿದ್ದೂ ತನ್ನ ಪ್ರತಿಬಿಂಬದೊಂದಿಗೆ ಒಂದೇ ಆಗಿರುವ ಅಣುವೇ ಮೀಸೋ ಸಂಯುಕ್ತ.

ಸ್ಟೀರಿಯೋಸೆಂಟರ್ ಇದ್ದ ಮೇಲೆ ಅಣು ಕೈರಲ್ ಆಗಿರಲೇಬೇಕು ಎಂದು ಅನೇಕರು ತಿಳಿದಿರುತ್ತಾರೆ. ಒಂದೇ ಸ್ಟೀರಿಯೋಸೆಂಟರ್ ಇದ್ದರೆ ಆ ಮಾತು ನಿಜ. ಎರಡಾದಾಗ ಇಡೀ ಅಣುವನ್ನು ನೋಡಬೇಕು, ಏಕೆಂದರೆ ಕೈರಲ್ ಎನ್ನುವುದು ಒಂದು ಕಾರ್ಬನ್ನಿನ ಗುಣವಲ್ಲ, ಅಣುವಿನ ಗುಣ. ಅಣು ತನ್ನ ಪ್ರತಿಬಿಂಬದ ಮೇಲೆ ಸರಿಯಾಗಿ ಕೂರುತ್ತದೆಯೇ ಎಂಬುದೊಂದೇ ಪ್ರಶ್ನೆ. ಕೂರದಿದ್ದರೆ ಕೈರಲ್, ಕೂತರೆ ಅಕೈರಲ್. ಸಿಸ್ ಡಯಾಲ್‌ನಲ್ಲಿ ಒಂದು ಕೇಂದ್ರ R, ಇನ್ನೊಂದು S. ಕನ್ನಡಿ ಹಿಡಿದರೆ R ಇದ್ದದ್ದು S ಆಗುತ್ತದೆ, S ಇದ್ದದ್ದು R ಆಗುತ್ತದೆ. ಎರಡೂ ಕೇಂದ್ರಗಳಿಗೆ ಅಂಟಿದ ಗುಂಪುಗಳು ಒಂದೇ ಬಗೆಯವಾದ್ದರಿಂದ, ಈ ಅದಲುಬದಲಿನ ನಂತರವೂ ಕೈಯಲ್ಲಿರುವುದು ಮೊದಲಿನ ಅಣುವೇ.

ಪತ್ತೆಗೆ ಮೊದಲು ಸ್ಟೀರಿಯೋಸೆಂಟರ್‌ಗಳನ್ನು ಹುಡುಕಿ. ಉಂಗುರದ ಕಾರ್ಬನ್ನಿನಲ್ಲಿ ನಿಂತು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನಡೆಯಿರಿ. ಎರಡು ದಾರಿಗಳು ಬೇರೆಯಾಗಿದ್ದು, ಉಂಗುರದ ಹೊರಗಿನ ಎರಡು ಗುಂಪುಗಳೂ ಬೇರೆಯಾಗಿದ್ದರೆ ಅದು ಸ್ಟೀರಿಯೋಸೆಂಟರ್. 1,2-ಡಯಾಲ್‌ನ ಮೊದಲ ಕಾರ್ಬನ್ನಿನಿಂದ ಒಂದು ಕಡೆ ಹೋದರೆ ತಕ್ಷಣ OH ಹೊತ್ತ ಕಾರ್ಬನ್ ಸಿಗುತ್ತದೆ, ಇನ್ನೊಂದು ಕಡೆ ಬರೀ CH₂. 1,4-ಡಯಾಲ್‌ನಲ್ಲಿ ಹಾಗಲ್ಲ. ಅಲ್ಲಿ ಎರಡೂ ದಾರಿಗಳು ಒಂದೇ. ಆದ್ದರಿಂದ ಅದರ ಸಿಸ್, ಟ್ರಾನ್ಸ್ ಎರಡೂ ಅಕೈರಲ್, ಆದರೆ ಎರಡನ್ನೂ ಮೀಸೋ ಎನ್ನುವಂತಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿಯೇ.

ಈಗ ಉಂಗುರವನ್ನು ಚಪ್ಪಟೆ ಷಟ್ಕೋನವಾಗಿ ಬರೆದು, ಗುಂಪುಗಳಿಗೆ ವೆಡ್ಜ್ ಮತ್ತು ಡ್ಯಾಶ್ ಗೆರೆ ಹಾಕಿ. ಕಾಗದವನ್ನು ಎಲ್ಲಿ ಮಡಿಸಿದರೆ ಎರಡು ಸ್ಟೀರಿಯೋಸೆಂಟರ್‌ಗಳು ಒಂದರ ಮೇಲೊಂದು ಬೀಳುತ್ತವೆ ಎಂದು ನೋಡಿ. 1,2-ಡಯಾಲ್‌ನಲ್ಲಿ ಆ ಗೆರೆ ಎರಡು ಬಂಧಗಳ ನಡುಮಧ್ಯದಲ್ಲಿ ಹಾಯುತ್ತದೆ. 1,3-ಡಯಾಲ್‌ನಲ್ಲಿ 2 ಮತ್ತು 5ನೇ ಕಾರ್ಬನ್‌ಗಳ ಮೂಲಕವೇ ಹೋಗುತ್ತದೆ. ಬಂಧವನ್ನಷ್ಟೇ ನೋಡಿ ಕಾರ್ಬನ್ನನ್ನು ಮರೆಯುವವರಿಗೆ ಈ ಎರಡನೆಯದು ಕಾಣುವುದೇ ಇಲ್ಲ. ಗೆರೆಯ ಆಚೀಚೆ ವೆಡ್ಜ್‌ಗೆ ವೆಡ್ಜ್, OHಗೆ OH ಜೋಡಿಯಾದರೆ ಅಣು ಮೀಸೋ. ಒಂದು OH ಬದಲು ಮೀಥೈಲ್ ಗುಂಪಿದ್ದರೆ ಜೋಡಿ ಕೂಡುವುದಿಲ್ಲ. ಹಾಗಾಗಿ 2-ಮೀಥೈಲ್‌ಸೈಕ್ಲೋಹೆಕ್ಸನಾಲ್ ಸಿಸ್ ಆಗಿದ್ದರೂ ಕೈರಲ್.

ಟ್ರಾನ್ಸ್-1,2-ಡಯಾಲ್ ಕೂಡ ನೋಡಲು ಬಹಳ ಸಮವಾಗಿ ಕಾಣುತ್ತದೆ, ಏಕೆಂದರೆ ಅದನ್ನು 180 ಡಿಗ್ರಿ ತಿರುಗಿಸಿದರೆ ಮತ್ತೆ ಅದೇ ಚಿತ್ರ ಬರುವ ಒಂದು ಅಕ್ಷ ಅದಕ್ಕಿದೆ. ಆದರೆ ತಿರುಗುವ ಅಕ್ಷ ಇದ್ದ ಮಾತ್ರಕ್ಕೆ ಅಣು ಅಕೈರಲ್ ಆಗುವುದಿಲ್ಲ, ನಾವು ಹುಡುಕುತ್ತಿರುವುದು ಪ್ರತಿಫಲನದ ತಲವನ್ನು. ಟ್ರಾನ್ಸ್‌ನಲ್ಲಿ ವೆಡ್ಜ್‌ನ ಎದುರು ಡ್ಯಾಶ್ ಬರುವುದರಿಂದ ಆ ತಲ ಸಿಗುವುದಿಲ್ಲ. ಅದರ ಎರಡು ಕೇಂದ್ರಗಳೂ R, ಇಲ್ಲವೇ ಎರಡೂ S.

ಚಪ್ಪಟೆ ಚಿತ್ರ ಬಿಟ್ಟು ನಿಜವಾದ ಕುರ್ಚಿ ರೂಪ ಬರೆದರೆ ಸಿಸ್-1,2-ಡಯಾಲ್ ಗೊಂದಲಕ್ಕೆ ದೂಡುತ್ತದೆ. ಒಂದು OH ಅಕ್ಷೀಯ ಸ್ಥಾನದಲ್ಲಿ, ಇನ್ನೊಂದು ಇಕ್ವಟೋರಿಯಲ್ ಸ್ಥಾನದಲ್ಲಿ ಇರುವುದರಿಂದ ಕುರ್ಚಿಯಲ್ಲಿ ಸಮಮಿತಿ ತಲ ಎಷ್ಟು ಹುಡುಕಿದರೂ ಇಲ್ಲ. ಆ ಒಂದು ಕುರ್ಚಿ ನಿಜಕ್ಕೂ ಕೈರಲ್! ಆದರೆ ಉಂಗುರ ಮಗುಚಿದಾಗ ಅಕ್ಷೀಯ OH ಇಕ್ವಟೋರಿಯಲ್ ಆಗುತ್ತದೆ, ಇಕ್ವಟೋರಿಯಲ್ ಆಗಿದ್ದದ್ದು ಅಕ್ಷೀಯವಾಗುತ್ತದೆ. ಹೀಗೆ ಬರುವ ಹೊಸ ಕುರ್ಚಿ ಹಳೆಯದರ ಪ್ರತಿಬಿಂಬವೇ. ಕೋಣೆಯ ಉಷ್ಣತೆಯಲ್ಲಿ ಈ ಮಗುಚುವಿಕೆ ಬಹಳ ವೇಗವಾಗಿ ನಡೆಯುವುದರಿಂದ ಎರಡು ಕುರ್ಚಿಗಳೂ ಸಮಪ್ರಮಾಣದಲ್ಲಿರುತ್ತವೆ, ಅವನ್ನು ಬೇರ್ಪಡಿಸಿ ಇಡಲಾಗದು. ಚಪ್ಪಟೆ ಚಿತ್ರ ಸರಿಯಾದ ಉತ್ತರ ಕೊಡುವುದು ಇದರಿಂದಲೇ. ಸಿಸ್-1,3ರಲ್ಲಿ ಈ ತೊಡಕಿಲ್ಲ, ಅಲ್ಲಿ ಕುರ್ಚಿಯಲ್ಲೇ ತಲ ಕಾಣುತ್ತದೆ.

ಪೋಲಾರಿಮೀಟರ್ ಸೊನ್ನೆ ತೋರಿಸಿತೆಂದು ಮೀಸೋ ಎಂದು ಬರೆದುಬಿಡಬೇಡಿ. ಸೈಕ್ಲೋಹೆಕ್ಸೀನ್‌ನಿಂದ ಎಪಾಕ್ಸೈಡ್ ಮಾಡಿ ಆಮ್ಲ ಬೆರೆಸಿದ ನೀರಿನಿಂದ ಅದನ್ನು ತೆರೆದರೆ ಟ್ರಾನ್ಸ್ ಡಯಾಲ್ ಸಿಗುತ್ತದೆ. ಅದರಲ್ಲಿ ಎಡಗೈ ಮತ್ತು ಬಲಗೈ ರೂಪಗಳು ಅರ್ಧರ್ಧ ಇರುವುದರಿಂದ ಅದೂ ಸೊನ್ನೆಯನ್ನೇ ತೋರಿಸುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಎರಡು ರೂಪಗಳನ್ನೂ ಬೇರ್ಪಡಿಸಬಲ್ಲ ಕೈರಲ್ ಕಾಲಮ್ಮಿನಲ್ಲಿ ಹಾಯಿಸಬೇಕು: ಟ್ರಾನ್ಸ್ ಮಿಶ್ರಣ ಎರಡು ಶಿಖರಗಳಾಗಿ ಒಡೆಯುತ್ತದೆ, ಸಿಸ್ ಡಯಾಲ್‌ನಿಂದ ಬರುವುದು ಒಂದೇ ಶಿಖರ.